ಮೊದಲ ಪಂಕ್ತಿ ಯಾರದು?

ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಒಂದೇ ಒಂದು ಸಮಯ ಅಚ್ಚಾಗಿರುತ್ತದೆ: ಮಧ್ಯಾಹ್ನ 12 ಗಂಟೆ 31 ನಿಮಿಷಕ್ಕೆ ಅಕ್ಷತೆ. ಊಟ ಎಷ್ಟಕ್ಕೆ ಅಂತ ಬರೆದಿರೋದಿಲ್ಲ. ‘ಅಕ್ಷತೆ ಆದ್ಮ್ಯಾಲ ಊಟ’ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ, ಬರೆಯೋದೇನು ಬಂತು! ಆದರೆ ಅಕ್ಷತೆಗೂ ಊಟಕ್ಕೂ ನಡುವೆ ಈಗ ಡ್ರೋನ್ ಬಂದಿದೆ, ಹೊಗೆ ಬಿಡೋ ಯಂತ್ರ ಬಂದಿದೆ, ‘ಕಪಲ್ ಶೂಟ್’ ಬಂದಿದೆ, ಸ್ಟೇಜ್ ಮುಂದೆ ನೂರು ಮಾರುದ್ದದ ಸಾಲು ಬಂದಿದೆ. ಇದೆಲ್ಲ ಮುಗಿಯೋವರೆಗೆ ಹೆಣ್ಣಿನ ಆಯಿ, ಗಂಡಿನ ಮುತ್ಯಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇರುತ್ತಾರೆ. ಮದುವೆಮನೆಯವರು ಕೊನೇ ಪಂಕ್ತಿಗೆ ಕೂಡಬೇಕು ಅನ್ನೋದು ರೂಢಿ. ಹಾಗಾಗಿ ಬಂದ ನೆಂಟರ ಊಟವೆಲ್ಲ ಆಗಿ, ಮನೆಯ ಅತ್ಯಂತ ಹಿರಿಯ ಜೀವದ ಮುಂದೆ ಎಲೆ ಬೀಳುವಾಗ ಮೂರೂವರೆ.

ಜಾಗ ಯಾವುದು ಅನ್ನೋದನ್ನೂ ನೆನಪಿಡಿ. ಅಫಜಲಪುರ ತಾಲೂಕಿನ ಅತನೂರು. ತಿಂಗಳು ಮೇ. ಕಲಬುರಗಿ ಜಿಲ್ಲೆಯಲ್ಲಿ ಆ ಹೊತ್ತಿಗೆ ಪಾದರಸ 42 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಬೆಂಗಳೂರು, ಪುಣೆಯಿಂದ ರಜೆ ಹಾಕಿ ಬರೋ ನಾವು ಕಾರಿನ ಏಸಿಯಲ್ಲಿ ಆಗಾಗ ಕೂತು ಬರ್ತೀವಿ. ಹಂದರದ ಕೆಳಗಿರೋ ಎಪ್ಪತ್ತೆಂಟು ವರ್ಷದವರಿಗೆ ಆ ಸೌಲಭ್ಯ ಇಲ್ಲ.

ನನ್ನ ತಕರಾರು ಇಷ್ಟೇ. ಮದುವೆ ದಿನದ ಕ್ರಮವನ್ನು ಈಗ ಕ್ಯಾಮೆರಾ ನಿರ್ಧಾರ ಮಾಡ್ತಿದೆ. ಮಾಡಬೇಕಾದ್ದು ಅಲ್ಲಿರೋ ಹಿರಿಯರ ಊಟದ ಹೊತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಉಳಿದಿದ್ದೆಲ್ಲ ತಾನೇ ಜಾಗಕ್ಕೆ ಬಂದು ಕೂಡುತ್ತದೆ.

ಯಾಕೆ ಊಟದ ಹೊತ್ತು? ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು ದೇಹದಲ್ಲಿ ಇನ್ಸುಲಿನ್ ಹೆಚ್ಚು ಸುರಿಯೋ ಹಾಗೆ ಮಾಡುತ್ತವೆ. ಗ್ಲಿಮೆಪಿರೈಡ್ ಅಂಥದ್ದು, ನಮ್ಮ ಎಷ್ಟೋ ಮನೆಗಳ ಗುಳಿಗೆ ಡಬ್ಬಿಯಲ್ಲಿ ಇರುವಂಥದ್ದು. ಬೆಳಗ್ಗೆ ನಾಷ್ಟಾ ಹೊತ್ತಿಗೆ ನುಂಗಿದ್ದು ಮಧ್ಯಾಹ್ನ, ಸಂಜೆಗೂ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೆ ಹಂದರದಲ್ಲಿ ಡ್ರೋನ್ ಹಾರ್ತಿದೆ ಅಂತ ಗೊತ್ತಾಗೋದಿಲ್ಲ. ಒಂದು ಗಂಟೆಗೆ ಬರಬೇಕಾದ ಅನ್ನ ಮೂರೂವರೆಗೆ ಬಂದರೆ ರಕ್ತದಲ್ಲಿನ ಸಕ್ಕರೆ ಕುಸಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮೇ ತಿಂಗಳಲ್ಲಿ ಇದನ್ನು ನೋಡಿದವರು ‘ಬಿಸಿಲಿಗೆ ಹಂಗಾಗ್ಯದ, ಗಾಳಿ ಹಾಕ್ರಿ’ ಅಂತಾರೆ. ಗಾಳಿಯಿಂದ ಸಕ್ಕರೆ ಏರೋದಿಲ್ಲ. ಬೆರಳಿಗೆ ಚುಚ್ಚಿ ನೋಡೋ ಮೀಟರ್ ಒಂದು ಕೈಯಲ್ಲಿದ್ದರೆ ಅನುಮಾನ ಅಲ್ಲೇ ಬಗೆಹರಿಯುತ್ತದೆ. 70ಕ್ಕಿಂತ ಕೆಳಗಿದ್ದರೆ, ನುಂಗೋ ಎಚ್ಚರ ಇದ್ದರೆ, ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಯನ್ನು ಆ ದಿನ ಬಿಡಬೇಕೋ, ಕಮ್ಮಿ ಮಾಡಬೇಕೋ ಅನ್ನೋದು ಮಾತ್ರ ವಾರದ ಮುಂಚೆ ಡಾಕ್ಟರನ್ನು ಕೇಳಿ ತಿಳಿಯೋ ಮಾತು. ಹಂದರದಲ್ಲಿ ನಾವು ತೀರ್ಮಾನ ಮಾಡೋದಲ್ಲ.

ಇದಕ್ಕೆ ನೀರಿನ ಕಥೆಯೂ ಸೇರುತ್ತದೆ. ವಯಸ್ಸಾದಂತೆ ಬಾಯಾರಿಕೆ ಕಮ್ಮಿ ಅನಿಸುತ್ತದೆ. ಅದರ ಮೇಲೆ ನಮ್ಮ ಆಯಿಯರು ಬೇಕಂತಲೇ ನೀರು ಕುಡಿಯೋದಿಲ್ಲ, ಯಾಕಂದ್ರೆ ಸಂಡಾಸು ಎಲ್ಲೋ ಹಿಂದೆ, ಮೆಟ್ಟಿಲಿಳಿದು ಹೋಗಬೇಕು, ರೇಷ್ಮೆ ಸೀರೆ ಉಟ್ಟಿದ್ದಾರೆ, ಕೈ ಹಿಡಿಯೋರಿಲ್ಲ. ಕೆಲವು ಬಿಪಿ ಗುಳಿಗೆಗಳು ಮೂತ್ರ ಹೆಚ್ಚು ಮಾಡುವಂಥವು. ಒಂದು ಕಡೆ ಒಳಗಿನ ನೀರು ಹೊರಗೆ ಹೋಗ್ತಿದೆ, ಇನ್ನೊಂದು ಕಡೆ ಹೊಸ ನೀರು ಬರ್ತಿಲ್ಲ. ಇಂಥವರನ್ನು ಎರಡು ತಾಸು ಕೂಡಿಸಿ, ಆಮೇಲೆ ‘ಬರ್ರಿ ಆಯಿ, ಫೋಟೋಕ್ಕ’ ಅಂತ ಒಮ್ಮೆಲೇ ಎಬ್ಬಿಸಿದರೆ ಕಣ್ಣಿಗೆ ಕತ್ತಲೆ ಬರದೆ ಇನ್ನೇನಾಗುತ್ತದೆ?

‘ಮುಹೂರ್ತ ಮುಂದೆ ಹಿಂದೆ ಮಾಡಕ್ಕಾಗಲ್ಲ’ ಅನ್ನೋದು ಮೊದಲ ಆಕ್ಷೇಪ. ಹೌದು, ಆದರೆ ಮುಹೂರ್ತ ಅನ್ನೋದು ಒಂದು ನಿಮಿಷವಲ್ಲ. ಮಟಮಟ ಮಧ್ಯಾಹ್ನದ ಅಕ್ಷತೆಗಳ ಹಿಂದೆ ಸಾಮಾನ್ಯವಾಗಿ ಇರೋದು ಅಭಿಜಿತ್ ಮುಹೂರ್ತ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 15 ಪಾಲು ಮಾಡಿದರೆ ನಡುವಿನ ಎಂಟನೇ ಪಾಲು ಅದು. ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಹಗಲು ಸುಮಾರು 13 ತಾಸು, ಅಂದರೆ ಒಂದು ಪಾಲು 52 ನಿಮಿಷ. ನಮ್ಮ ಗಡಿಯಾರ ನಡೆಯೋದು ಪೂರ್ವದ 82.5 ಡಿಗ್ರಿ ರೇಖಾಂಶದ ಮೇಲೆ, ನಾವಿರೋದು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ಸೂರ್ಯ ನೆತ್ತಿಗೆ ಬರೋದು ಹನ್ನೆರಡಕ್ಕಲ್ಲ, 12:20ರ ಹೊತ್ತಿಗೆ. ಅದರ ಆಚೆ ಈಚೆ ಹಂಚಿದರೆ ಅಭಿಜಿತ್ ಸುಮಾರು 11:55ಕ್ಕೆ ಶುರುವಾಗಿ 12:45ಕ್ಕೆ ಮುಗಿಯುತ್ತದೆ. ಪತ್ರಿಕೆಯ 12:31 ಆ ಕಿಟಕಿಯ ಕೊನೇ ಭಾಗ. ಹನ್ನೆರಡು ಗಂಟೆಯೂ ಅದೇ ಕಿಟಕಿಯಲ್ಲೇ ಇದೆ. ಪತ್ರಿಕೆ ಅಚ್ಚಿಗೆ ಹೋಗೋ ಮೊದಲು ಶಾಸ್ತ್ರಿಗಳಿಗೋ ಮಠದ ಅಯ್ಯನವರಿಗೋ ‘ಈ ಮುಹೂರ್ತ ಎಷ್ಟೊತ್ತಿನಿಂದ ಎಷ್ಟೊತ್ತಿನ ಮಟ ಅದ ರೀ?’ ಅಂತ ಕೇಳಿ. ಲಗ್ನ ಬೇರೆ ರೀತಿ ನೋಡಿ ತೆಗೆದಿದ್ದರೆ ಅವರ ಮಾತೇ ಕೊನೆ. ಆದರೆ ಕೇಳದೇ ಇರೋದು ಶಾಸ್ತ್ರವಲ್ಲ, ಸೋಮಾರಿತನ. ಇನ್ನೊಂದು ತಮಾಷೆ: ನಿಮಿಷಕ್ಕೆ ಇಷ್ಟು ನಿಷ್ಠೆ ಇರೋ ಮನೆಗಳಲ್ಲೇ, ಹನುಮಪ್ಪನ ಗುಡಿಯಿಂದ ಹೊರಟ ಗಂಡಿನ ಮೆರವಣಿಗೆ ಡಿಜೆ ಮುಂದೆ ಕುಣಿದು ಕುಣಿದು ಹಂದರಕ್ಕೆ ಬರುವಾಗ ಒಂದು ಗಂಟೆ ಆಗಿರುತ್ತದೆ. ಕುಣಿತಕ್ಕೆ ಸರಿಯೋ ಮುಹೂರ್ತ ಮುತ್ಯಾನ ಊಟಕ್ಕೆ ಮಾತ್ರ ಯಾಕೆ ಸರಿಯೋದಿಲ್ಲ?

ಎರಡನೇದು ಫೋಟೋ. ಲೆಕ್ಕ ಸರಳ. 400 ಜನ ನಾಲ್ಕು ನಾಲ್ಕು ಮಂದಿಯಾಗಿ ಸ್ಟೇಜ್ ಹತ್ತಿದರೆ ನೂರು ಗುಂಪು. ಗುಂಪಿಗೆ ಒಂದು ನಿಮಿಷ ಅಂದರೂ ನೂರು ನಿಮಿಷ. ಆ ಸಾಲಿನಲ್ಲಿ ಹಿರಿಯರು ನಿಲ್ಲಲೇಬಾರದು. ಅವರ ಫೋಟೋ ಬೆಳಗ್ಗೆಯೇ ಆಗಬೇಕು.

ಅತನೂರಿನ ನಮ್ಮ ನೆಂಟರ ಮನೆ ಮದುವೆಯಲ್ಲಿ ಇದನ್ನು ಮಾಡಿ ನೋಡಿದ್ವಿ. ಮುಂಜಾನೆ ಏಳಕ್ಕೆ ಸುರಗಿ. ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿ ನೀರು ಹಾಕೋ ಆ ಶಾಸ್ತ್ರಕ್ಕೆ ಹಿರಿಯರು ಬೇಕೇ ಬೇಕು, ಆ ತಂಪು ಹೊತ್ತಿನಲ್ಲಿ ಅವರಿಗೂ ಹುರುಪು ಇರುತ್ತದೆ. ಎಂಟೂವರೆಗೆ ಉಪ್ಪಿಟ್ಟು, ಜೊತೆಗೆ ಗುಳಿಗೆ. ಒಂಬತ್ತೂವರೆಗೆ, ಪಡಸಾಲೆಯಲ್ಲೇ, ಸಂಜೆಗೆ ಮಾಡೋ ಆಯಾರದಲ್ಲಿ ಹಿರಿಯರ ಪಾಲಿನದ್ದನ್ನು ಮಾತ್ರ ಮೊದಲೇ ಮುಗಿಸಿದ್ವಿ. ಧೋತ್ರ, ಸೀರೆ ಕೊಟ್ಟು ಕಾಲಿಗೆ ಬೀಳೋ ಹೊತ್ತಿಗೇ ಫೋಟೋ. ಎಂಟು ಗುಂಪಿನ ಪಟ್ಟಿ ಮುಂಚೆಯೇ ಬರೆದಿತ್ತು. ಹೆಸರು ಕೂಗೋಕೆ ಫೋಟೋಗ್ರಾಫರ್ ಅಲ್ಲ, ಎಲ್ಲರ ಮುಖ ಗೊತ್ತಿರೋ ಮನೆಯ ಹುಡುಗಿ ಒಬ್ಬಳು. ಗುಂಪಿಗೆ ಮೂರು ನಿಮಿಷ, ಅರ್ಧ ತಾಸಿನಲ್ಲಿ ಎಲ್ಲ ಮುಗೀತು. ಹಿರಿಯರು ಕುರ್ಚಿ ಬಿಟ್ಟು ಏಳಲಿಲ್ಲ, ಸುತ್ತ ನಿಂತವರು ಬದಲಾದರು ಅಷ್ಟೇ. ಅಂತರಪಟದ ಪದ್ಧತಿಯಿರೋ ಮನೆಗಳಲ್ಲಿ ಗಂಡು ಹೆಣ್ಣು ಮೊದಲೇ ಒಟ್ಟಿಗೆ ನಿಲ್ಲುವಂತಿಲ್ಲ. ಅಲ್ಲಿ ಎರಡೂ ಕಡೆಯ ಹಿರಿಯರ ಫೋಟೋ ಬೇರೆ ಬೇರೆ ತೆಗೆಯಬಹುದು.

‘ತಾಳಿ ಇಲ್ಲದ ಫೋಟೋ ಏನ್ ಫೋಟೋ?’ ಅಂತ ಒಬ್ಬ ಮಾವನವರು ಕೇಳಿದ್ದು ನಿಜ. ಅದಕ್ಕೂ ದಾರಿ ಇತ್ತು. ಹನ್ನೊಂದಕ್ಕೆ ಹಿರಿಯರಿಗೆಲ್ಲ ಒಂದೊಂದು ಲೋಟ ಮಜ್ಜಿಗೆ, ಒಂದು ಬಾಳೆಹಣ್ಣು. ‘ಅಕ್ಷತಿ ಆಗೂತನಾ ಊಟ ಒಲ್ಲೆ’ ಅನ್ನೋರೂ ಮಜ್ಜಿಗೆಗೆ ಬೇಡ ಅನ್ನಲಿಲ್ಲ. 12:05ಕ್ಕೆ ಅಕ್ಷತೆ ಬಿತ್ತು. ಅಕ್ಷತೆ ಆದ ಕೂಡಲೇ ಮದುಮಕ್ಕಳೇ ಸ್ಟೇಜಿನಿಂದ ಇಳಿದು ಮೊದಲ ಸಾಲಿಗೆ ಬಂದು, ಕೂತವರ ಕಾಲಿಗೆ ಬಿದ್ದರು. ಹತ್ತು ನಿಮಿಷ. ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಚೆಂದ ಬಂದಿದ್ದು ಅವೇ ಫೋಟೋಗಳು.

12:30ಕ್ಕೆ ಹಿರಿಯರ ಪಂಕ್ತಿ. ಇಪ್ಪತ್ತೆರಡು ಜನ, ಟೇಬಲ್ಲು ಕುರ್ಚಿ ಹಾಕಿದ ಒಳಕೋಣೆ, ಸಂಡಾಸಿಗೆ ಹತ್ತಿರ. ಕಟಕು ರೊಟ್ಟಿ ಬದಲು ಬಿಸಿ ಮೆತ್ತನೆ ರೊಟ್ಟಿ, ಅನ್ನ, ಸಾರು. ಹುಗ್ಗಿ ಬೇಕಂದವರಿಗೆ ಒಂದು ಸೌಟು. ಬೀಗರ ಹಿರಿಯರೂ ನಮ್ಮ ಹಿರಿಯರೂ ಒಂದೇ ಸಾಲಿನಲ್ಲಿ ಕೂತಿದ್ದರಿಂದ ‘ಮನೆಯವರು ಬೀಗರಿಗಿಂತ ಮೊದಲು ಉಂಡರು’ ಅನ್ನೋ ಮಾತಿಗೆ ಜಾಗವೇ ಇರಲಿಲ್ಲ. ರೂಢಿ ಮುರಿಯಬೇಕಾಗಿರಲಿಲ್ಲ, ಎಲೆ ಹಾಕೋ ಜಾಗ ಬದಲಿಸಿದರೆ ಸಾಕಿತ್ತು.

ಊಟ ಆದ ಮೇಲೆ ಏನು ಅನ್ನೋದನ್ನು ಬಹಳ ಜನ ಮರೀತಾರೆ. ವಯಸ್ಸಾದವರಿಗೆ ಹೊಟ್ಟೆ ತುಂಬ ಉಂಡ ಒಂದೆರಡು ತಾಸು ಬಿಪಿ ಇಳಿಯೋ ಸಂಭವ ಹೆಚ್ಚು, ಬೀಳೋ ಭಯ ಇರೋದು ಆಗಲೇ. ಆ ಹೊತ್ತಿಗೆ ಅವರನ್ನು ಸ್ಟೇಜಿಗೆ ಕರೆಯಬಾರದು. ಚಾಪೆ ಹಾಸಿ, ಕೂಲರ್ ಹಚ್ಚಿದ ಒಂದು ಕೋಣೆ ಸಾಕು. ಕಪಲ್ ಶೂಟ್, ಗೆಳೆಯರ ಸಾಲು, ಹೊಗೆ, ಡ್ರೋನ್ ಎಲ್ಲ ಆಗ ನಡೆಯಲಿ, ಯಾರು ಬೇಡ ಅಂದರು? ಸಂಜೆ ಐದಕ್ಕೆ ಹೆಣ್ಣು ಕಳಿಸೋ ಹೊತ್ತಿಗೆ ಎದ್ದು ಚಹಾ ಕುಡಿದು ಬರುತ್ತಾರೆ.

ಇದೆಲ್ಲ ಸುಲಭವಾಗಿ ಆಗಲಿಲ್ಲ. ಡಿಜೆಯವರಿಗೆ ಹತ್ತೂವರೆಗೆ ಗುಡಿ ಬಿಡಬೇಕು ಅಂತ ಮುಂಗಡ ಕೊಡುವಾಗಲೇ ಹೇಳಬೇಕಾಯ್ತು. ಅಡುಗೆಯವರು 12:30ಕ್ಕೆ ಅನ್ನ ಇಳಿಸೋಕೆ ಗೊಣಗಿದರು. ಅವರಿಗೆ ಬೇಕಾಗಿದ್ದು ಇಪ್ಪತ್ತೆರಡು ಜನಕ್ಕಾಗೋ ಒಂದು ಸಣ್ಣ ಪಾತ್ರೆ ಬೇರೆ ಇಡೋದು, ಅಷ್ಟೇ.

ಕೊನೆಯ ಆಕ್ಷೇಪ: ‘ಅವರೇ ಏನೂ ಅನ್ನಲ್ಲ, ನಿನಗ್ಯಾಕೆ ಚಿಂತಿ?’ ನಮ್ಮ ಆಯಿಯರಿಗೆ ‘ಊಟ ಆಯ್ತೇನ್ರಿ?’ ಅಂತ ಕೇಳಿ ನೋಡಿ. ಉಪವಾಸ ಕೂತಿದ್ದರೂ ‘ಆಯ್ತವ್ವಾ, ನೀ ಉಣ್ಣು ಹೋಗು’ ಅಂತಾರೆ. ಮದುವೆಮನೆಯಲ್ಲಿ ಹಸಿವು ಅನ್ನೋದು ಅವರ ಮರ್ಯಾದೆಗೆ ಕಮ್ಮಿ. ಅದಕ್ಕೇ ಕೇಳೋ ಕೆಲಸ ಬಿಟ್ಟು ಎಲೆ ಹಾಕೋ ಕೆಲಸ ಮಾಡಬೇಕು. ಫೋಟೋಗ್ರಾಫರ್ ಜೊತೆ ಒಪ್ಪಂದ ಮಾಡುವಾಗ ನೀವು ಟೀಸರ್ ಎಷ್ಟು ನಿಮಿಷ, ಆಲ್ಬಮ್ ಎಷ್ಟು ಪುಟ ಅಂತ ಬರೆಸ್ತೀರಲ್ಲ, ಅದೇ ಹಾಳೆಯಲ್ಲಿ ಇನ್ನೊಂದು ಸಾಲು ಬರೆಸಿ: 12:15ರಿಂದ 1:15ರವರೆಗೆ ಹಿರಿಯರನ್ನು ಕ್ಯಾಮೆರಾ ಮುಂದೆ ಕರೆಯುವಂತಿಲ್ಲ, ಅವರು ಊಟಕ್ಕೆ ಕೂತಿರುತ್ತಾರೆ.