ಅವ್ವನ ಆಸ್ಪತ್ರೆ ಬಿಲ್ಲು, ಮಗನ ಗ್ರೂಪ್ ಕವರ್

ಶರಣಸಿರಸಗಿಯಿಂದಲೋ ಕಮಲಾಪುರದಿಂದಲೋ ಬೆಂಗಳೂರು, ಹೈದರಾಬಾದ್, ಪುಣೆಗೆ ಹೋಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಆಫರ್ ಲೆಟರ್ ಜೊತೆ ಬಣ್ಣದ ಕೈಪಿಡಿಯೊಂದು ಬರುತ್ತದೆ. ಅದರಲ್ಲಿ ‘ತಂದೆ-ತಾಯಿಗೂ ಗ್ರೂಪ್ ಕವರ್, 3 ಲಕ್ಷ’ ಎಂದಿದ್ದರೆ ಊರಲ್ಲಿ ಅಪ್ಪ-ಅವ್ವ ನಿಶ್ಚಿಂತರಾಗುತ್ತಾರೆ. ಆ 3 ಲಕ್ಷಕ್ಕೆ ಕಟ್ಟಿರುವ ಷರತ್ತುಗಳು ಕೈಪಿಡಿಯಲ್ಲಿರುವುದಿಲ್ಲ, ಪಾಲಿಸಿಯಲ್ಲಿರುತ್ತವೆ. ಪಾಲಿಸಿ ಇರುವುದು ಕಂಪನಿಯ ಹೆಸರಿನಲ್ಲಿ. ನೌಕರನ ಕೈಗೆ ಬರುವುದು ಒಂದು ಕಾರ್ಡು ಮಾತ್ರ.

ಆ ಷರತ್ತುಗಳಲ್ಲಿ ಹೆಚ್ಚು ಹೊಡೆತ ಕೊಡುವುದು ರೂಮ್ ಬಾಡಿಗೆಯ ಮಿತಿ. ವಿಮಾ ಮೊತ್ತದ ಶೇ 1 ಎಂದು ಬರೆದಿದ್ದರೆ 3 ಲಕ್ಷಕ್ಕೆ ದಿನಕ್ಕೆ 3,000 ರೂಪಾಯಿ. ಅವ್ವನನ್ನು ಆಪರೇಷನ್‌ಗೆಂದು ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ 6,000 ರೂಪಾಯಿಯ ರೂಮಿಗೆ ಸೇರಿಸಿದಿರಿ ಎಂದುಕೊಳ್ಳಿ. ಹೆಚ್ಚುವರಿ 3,000 ನಾವು ಕೊಟ್ಟರಾಯಿತು ಎಂದೇ ಎಲ್ಲರೂ ಭಾವಿಸುವುದು. ಆದರೆ ಅರ್ಹತೆಗಿಂತ ಎರಡು ಪಟ್ಟು ಬಾಡಿಗೆಯ ರೂಮ್ ಹಿಡಿದರೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ವೆಚ್ಚಗಳನ್ನೂ ವಿಮೆಯವರು ಅರ್ಧಕ್ಕೆ ಇಳಿಸುತ್ತಾರೆ.

ಐದು ದಿನದ ಬಾಡಿಗೆ 30,000, ಈ ಶುಲ್ಕಗಳು 80,000, ಔಷಧ ಮತ್ತು ತಪಾಸಣೆ 20,000 ಎಂದಿಟ್ಟುಕೊಂಡರೆ ಬಿಲ್ಲು 1,30,000. ಬಾಡಿಗೆಗೆ ಸಿಗುವುದು 15,000, ಶುಲ್ಕಗಳಿಗೆ 40,000. ಔಷಧ, ತಪಾಸಣೆ, ದೇಹದೊಳಗೆ ಕೂರಿಸುವ ಸಾಧನ ಮತ್ತು ಐಸಿಯು ವೆಚ್ಚಕ್ಕೆ ಈ ಕಡಿತ ಹಾಕಬಾರದೆಂಬ ನಿಯಮವಿರುವುದರಿಂದ 20,000 ಪೂರ್ತಿ ಸಿಗುತ್ತದೆ. ಒಟ್ಟು 75,000. ಪಾಲಕರಿಗೆ ಶೇ 20 ಕೋ-ಪೇ ಎಂದಿದ್ದರೆ ಅದರಲ್ಲೂ 15,000 ಹೋಗಿ 60,000 ಉಳಿಯಿತು. ಮನೆಯವರು ತೆರಬೇಕಾದದ್ದು 70,000. ಅದೇ ಆಸ್ಪತ್ರೆಯ 3,000ದ ರೂಮಿನಲ್ಲಿ ಶುಲ್ಕ 60,000 ಇದ್ದಿದ್ದರೆ ಬಿಲ್ಲು 95,000ಕ್ಕೆ ನಿಂತು, ಕೈಯಿಂದ ಹೋಗುತ್ತಿದ್ದದ್ದು 19,000 ಮಾತ್ರ.

ಆದ್ದರಿಂದ ಅಡ್ಮಿಟ್ ಮಾಡುವ ಮೊದಲೇ ಇನ್ಶೂರೆನ್ಸ್ ಡೆಸ್ಕಿನಲ್ಲಿ ಎರಡು ಮಾತು ಕೇಳಿ: ನಮ್ಮ ಪಾಲಿಸಿಗೆ ಯಾವ ರೂಮ್ ಬರುತ್ತದೆ? ರೂಮ್ ಬದಲಾದರೆ ಡಾಕ್ಟರ ಫೀಸೂ ಬದಲಾಗುತ್ತದೆಯೇ? ಎಲ್ಲ ರೂಮಿಗೂ ಒಂದೇ ಫೀಸು ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ಶುಲ್ಕಗಳ ಮೇಲೆ ಈ ಕಡಿತ ಹಾಕುವಂತಿಲ್ಲ. ಹಾಕಿದ್ದರೆ ಲಿಖಿತವಾಗಿ ದೂರು ಕೊಡಿ.

ಕೆಲಸ ಬಿಟ್ಟರೆ ಈ ಕವರ್ ಕೂಡ ಮುಗಿಯುತ್ತದೆ. ಹಳೆಯ ಕಾಯಿಲೆಯಿರುವ ಪಾಲಕರಿದ್ದರೆ, ರಾಜೀನಾಮೆಗೆ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅರ್ಜಿ ಹಾಕುವುದು ಜಾಣತನ. ಇನ್ನು ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ, ಅವಲಂಬಿತ ಅಪ್ಪ-ಅವ್ವನ ಹೆಸರನ್ನು ಅದರಲ್ಲಿ ಸೇರಿಸಿ. ಕಲಬುರಗಿಯ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಇಂಥವರಿಗಾಗಿಯೇ ಇದೆ. ಅಲ್ಲಿ ರೂಮ್ ಬಾಡಿಗೆಯ ಲೆಕ್ಕವೂ ಇಲ್ಲ, ಕೋ-ಪೇಯೂ ಇಲ್ಲ.

ಅದೇ ಕೈಪಿಡಿಯಲ್ಲಿ ‘ಪೇರೆಂಟಲ್ ಲೀವ್’ ಎಂಬ ಪುಟವನ್ನು ಕಂಪನಿಗಳು ಉಡುಗೊರೆಯಂತೆ ಅಚ್ಚು ಹಾಕುತ್ತವೆ. ತಾಯಿಗೆ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ 26 ವಾರ ರಜೆ 2017ರ ತಿದ್ದುಪಡಿಯಿಂದ ಬಂದ ಹಕ್ಕು. ಎರಡು ಮಕ್ಕಳಿದ್ದವರಿಗೆ ಮುಂದಿನ ಹೆರಿಗೆಗೆ 12 ವಾರ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೆ. ಖಾಸಗಿ ಕಂಪನಿಯಲ್ಲಿ ತಂದೆಗೆ ಮಾತ್ರ ಕಾನೂನಿನ ಆಸರೆಯಿಲ್ಲ. ಕೈಪಿಡಿಯಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟೇ ಅವನ ಪಾಲು. ಆ ಪುಟದಲ್ಲಿ ಓದಬೇಕಾದದ್ದು ಆ ಒಂದು ಸಾಲು.

ಕೈಪಿಡಿಯಲ್ಲಿ ಕಾಣುವ ‘ಫ್ಲೆಕ್ಸಿಬಲ್ ಅಲೊವೆನ್ಸ್’ ಕೂಡ ಸಂಬಳದ ಮೇಲಿನ ಸಂಬಳವೇನಲ್ಲ. ಸಿಟಿಸಿ ಎಂದು ಹೇಳಿದ ಮೊತ್ತದೊಳಗಿನ ದುಡ್ಡನ್ನೇ ಫೋನು, ಪ್ರಯಾಣ ಎಂದು ಬೇರೆ ಬೇರೆ ತಲೆಬರಹದಡಿ ಇಟ್ಟಿರುತ್ತಾರೆ. ಬಿಲ್ಲು ಕೊಡದಿದ್ದರೆ ಅದು ತೆರಿಗೆ ಕಳೆದು ಕೈಗೆ ಬರುತ್ತದೆ. ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ ಮನೆ ಬಾಡಿಗೆ ಭತ್ಯೆ, ಪ್ರವಾಸ ಭತ್ಯೆಯ ವಿನಾಯಿತಿಯೇ ಇಲ್ಲ. ಅಂಥವರು ಇದಕ್ಕಾಗಿ ಬಸ್ ಟಿಕೆಟು ಕೂಡಿಡುವ ಶ್ರಮ ಬಿಡಬಹುದು.

ಕನ್ನಡಿಗರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಗಳಿಗೆ ನಮ್ಮ ಕೋರಿಕೆ ದೊಡ್ಡದಲ್ಲ. ರೂಮ್ ಮಿತಿ, ಕೋ-ಪೇ, ಕವರ್ ಮುಗಿಯುವ ದಿನ, ದೂರು ಕೊಡಬೇಕಾದ ವಿಳಾಸ ಇಷ್ಟನ್ನು ಕನ್ನಡದ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ, ನೌಕರನ ಜೊತೆಗೆ ಅವನ ಮನೆಗೂ ಕಳಿಸಿ. ಅದು ಬರುವವರೆಗೆ ನೌಕರರೇ ಎಚ್‌ಆರ್‌ಗೆ ಬರೆದು ಪಾಲಿಸಿಯ ಷರತ್ತುಗಳ ಪ್ರತಿಯನ್ನು ತರಿಸಿಕೊಂಡು, ಊರಿಗೆ ಬಂದಾಗ ಮನೆಯವರಿಗೆ ಓದಿ ಹೇಳಲಿ.