ಶಕೆಯೋ, ಸಂವತ್ತೋ?

ಮಕ್ಕಳೇ, ನಮ್ಮ ಕೊಪ್ಪ, ಶೃಂಗೇರಿ ಕಡೆ ಪೂಜೆಯ ಸಂಕಲ್ಪದಲ್ಲಿ ‘ಶಾಲಿವಾಹನ ಶಕೇ’ ಎನ್ನುವುದನ್ನು ಕೇಳಿದ್ದೀರಲ್ಲ? ಉತ್ತರದವರು ಎಣಿಸುವುದು ಉಜ್ಜಯಿನಿಯ ವಿಕ್ರಮಾದಿತ್ಯನ ಹೆಸರಿನ ಸಂವತ್ತನ್ನು. ಅದು ಶಕೆಗಿಂತ ಹಳೆಯದು.

2024ರ ಯುಗಾದಿಯನ್ನೇ ತೆಗೆದುಕೊಳ್ಳಿ. 78 ಕಳೆದರೆ ನಮ್ಮ ಶಕೆ 1946. 57 ಕೂಡಿಸಿದರೆ ಕಾಶಿಯ ಪಂಚಾಂಗದ ವಿಕ್ರಮ ಸಂವತ್ 2081. ಅಂತರ 135.

ಆದರೆ ಗುಜರಾತಿ ವರ್ತಕರ ಲೆಕ್ಕದ ಪುಸ್ತಕದಲ್ಲಿ ಅಂದು ಇನ್ನೂ 2080! ಅವರ ವರ್ಷ ಬದಲಾಗುವುದು ಬಲಿಪಾಡ್ಯಮಿಗೆ. ಯುಗಾದಿಯಿಂದ ಅಲ್ಲಿಯವರೆಗೆ ಅಂತರ 134 ಮಾತ್ರ, ಆಮೇಲೆ 135. ಅಜ್ಜಂದಿರೂ ಇಲ್ಲಿ ಎಡವುತ್ತಾರೆ.

ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗದ್ದೂ ಶಕೆಯೇ. ಅದರ ಹೊಸ ವರ್ಷ ಮಾತ್ರ ಯುಗಾದಿಗಲ್ಲ, ಮಾರ್ಚ್ 22ಕ್ಕೆ. ಅಧಿಕ ವರ್ಷದಲ್ಲಿ 21ಕ್ಕೆ. ನಮ್ಮ ಬ್ಯಾಂಕಿನವರ ಏಪ್ರಿಲ್ 1 ಬೇರೆಯೇ ಬಿಡಿ!