ಅಡ್ವಾನ್ಸ್ ಕೊಡಿ, ಸಹಿ ಹಾಕಿ, ಆಮೇಲೆ ಗೆರೆ ಕೇಳಿ

ಯಶವಂತಪುರ ಯಾರ್ಡಿನ ಸಾಹುಕಾರರೇ, ಹೆಬ್ಬಾಳದಲ್ಲಿ ಹೊಸದಾಗಿ ಆಫೀಸು ತೆರೆದವರೇ, ಆರ್.ಟಿ. ನಗರದಲ್ಲಿ ಬೇಕರಿ, ಬಟ್ಟೆ ಅಂಗಡಿ ನಡೆಸುವ ಅಕ್ಕಂದಿರೇ, ಈ ಮಾತು ನಿಮಗೆ. ಪ್ಯಾಕೆಟ್ಟಿನ ಮೇಲಿನ ಚಿತ್ರಕ್ಕೆ, ಬೋರ್ಡಿನ ಅಕ್ಷರಕ್ಕೆ, ಲೋಗೋಗೆ ನೀವು ಯಲಹಂಕದ ಯಾವುದೋ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗಿಗೆ ಫೋನ್ ಮಾಡುತ್ತೀರಿ. 1996ರಲ್ಲಿ ಶುರುವಾದ ಸೃಷ್ಟಿ ವಿನ್ಯಾಸ ಸಂಸ್ಥೆ ಯಲಹಂಕದಲ್ಲೇ ಇರುವುದರಿಂದ, ಓದು ಮುಗಿಸಿ ಅಲ್ಲೇ ಸುತ್ತಮುತ್ತ ಉಳಿದು ಕೆಲಸ ಹುಡುಕುವವರಿಗೆ ಬರವಿಲ್ಲ. ನೀವು ಹೇಳುವುದು ಒಂದೇ ಮಾತು: "ಮೊದಲು ಎರಡು ಮೂರು ಮಾಡಿ ತೋರಿಸಮ್ಮ, ಇಷ್ಟ ಆದ್ರೆ ದುಡ್ಡಿನ ವಿಷಯ ಮಾತಾಡೋಣ." ಅವಳು ಒಪ್ಪುತ್ತಾಳೆ. ಒಪ್ಪದಿದ್ದರೆ ನಿಮ್ಮ ಮುಂದಿನ ಕರೆ ಯಾರಿಗೆ ಹೋಗುತ್ತದೆಂದು ಅವಳಿಗೆ ಗೊತ್ತು. ಒಂದು ಮೂಟೆ ಬೇಳೆ ಇಳಿಸುವಾಗಲೂ ಚೀಟಿ ಕೇಳುವ ನೀವು, ಆ ಬೇಳೆಯನ್ನು ಮಾರಿಕೊಡುವ ಮುಖಕ್ಕೆ ಒಂದು ಕಾಗದವೂ ಬೇಡವೆನ್ನುತ್ತೀರಲ್ಲ, ಅದು ಯಾವ ನ್ಯಾಯ?

ಅವಳ ಮೇಲಿನ ಕನಿಕರಕ್ಕಾಗಿ ನಾನು ಕಾಗದ ಕೇಳುತ್ತಿಲ್ಲ. ಕಾಗದವಿಲ್ಲದೆ ಮಾಡಿಸಿದ ಆ ಚಿತ್ರ, ಪೂರ್ತಿ ದುಡ್ಡು ಕೊಟ್ಟ ಮೇಲೂ, ಬಹಳ ಸಲ ನಿಮ್ಮದಾಗಿರುವುದಿಲ್ಲ. ಅಲ್ಲಿಗೆ ಬರುತ್ತೇನೆ. ಮೊದಲು ಒಂದು ಕೆಲಸವನ್ನು ಲೆಕ್ಕ ಹಾಕಿ ನೋಡೋಣ.

ಯಾರ್ಡಿನ ಪಕ್ಕದ ಒಬ್ಬ ವ್ಯಾಪಾರಿ ರಾಗಿ ಮಾಲ್ಟ್ ಮಾರಲು ಹೊರಟಿದ್ದಾರೆ ಎನ್ನಿ. ಹೆಸರನ್ನು ಕನ್ನಡದಲ್ಲಿ ಕೈಬರಹದಂತೆ ಬರೆಸಬೇಕು, ಪೌಚಿನ ಮುಂದೆ ಹಿಂದೆ ವಿನ್ಯಾಸ ಬೇಕು. ನಲವತ್ತು ಸಾವಿರಕ್ಕೆ ಮಾತಾಗಿದೆ. ಇಲ್ಲಿ ಕೆಲಸದ ವ್ಯಾಪ್ತಿಯನ್ನು ಬರೆಯುವುದೆಂದರೆ "ಪ್ಯಾಕೇಜಿಂಗ್ ಡಿಸೈನ್" ಎಂದು ಗೀಚಿ ಬಿಡುವುದಲ್ಲ. ಅರ್ಧ ಕೆಜಿ ಪೌಚು ಒಂದೇ, ಕಾಲು ಕೆಜಿಯದೂ ಬೇಕಿದ್ದರೆ ಅದಕ್ಕೆ ಬೇರೆ ದರ. ಯಾಕೆಂದರೆ ಮುದ್ರಕರು ಕೊಡುವ ಕತ್ತರಿಕೆಯ ನಕ್ಷೆಯೇ ಬದಲಾಗುತ್ತದೆ, ಎಲ್ಲವನ್ನೂ ಮತ್ತೆ ಕೂರಿಸಬೇಕು. ಪದಾರ್ಥಗಳ ಪಟ್ಟಿ, ಆಹಾರ ಪರವಾನಗಿ ಸಂಖ್ಯೆ, ತೂಕ, ಬೆಲೆ ಇವನ್ನು ಮಾಲೀಕರೇ ಬರೆದು ಕೊಡಬೇಕು, ಅದರಲ್ಲಿ ತಪ್ಪಿದ್ದರೆ ಹೊಣೆ ಅವರದು. ಫೋಟೋ ತೆಗೆಸುವುದು, ಫಾಂಟಿನ ಲೈಸೆನ್ಸು, ಇನ್‌ಸ್ಟಾಗ್ರಾಂ ಪೋಸ್ಟರು ಇದರಲ್ಲಿ ಸೇರಿಲ್ಲ. ಸೇರದ ಸಂಗತಿಗಳನ್ನು ಬರೆಯುವ ಈ ನಾಲ್ಕು ಸಾಲೇ ಮುಂದಿನ ಮುಕ್ಕಾಲು ಜಗಳವನ್ನು ತಪ್ಪಿಸುತ್ತದೆ.

ತಿದ್ದುಪಡಿ ಎರಡು ಸುತ್ತು. ಸುತ್ತು ಅಂದರೆ ಏನೆಂದೂ ಬರೆದಿರಬೇಕು, ಇಲ್ಲದಿದ್ದರೆ ಆ "ಎರಡು" ಎಂಬ ಸಂಖ್ಯೆಗೆ ಬೆಲೆಯೇ ಇಲ್ಲ. ಬೆಳಿಗ್ಗೆ ಯಜಮಾನರ ವಾಟ್ಸ್ಯಾಪ್, ಮಧ್ಯಾಹ್ನ ಅವರ ಮಗನದು, ರಾತ್ರಿ ಮೈದುನನ ಧ್ವನಿ ಸಂದೇಶ. ಒಬ್ಬರಿಗೆ ಹಸಿರು ಬೇಕು, ಇನ್ನೊಬ್ಬರಿಗೆ ಬೇಡ. ಇದು ಸುತ್ತಲ್ಲ, ಸುತ್ತಾಟ. ಒಬ್ಬರೇ, ಎಲ್ಲರನ್ನೂ ಕೇಳಿ, ಒಂದೇ ಪಟ್ಟಿಯಲ್ಲಿ, ಐದು ಕೆಲಸದ ದಿನದೊಳಗೆ ಬರೆದು ಕಳಿಸಿದರೆ ಅದು ಒಂದು ಸುತ್ತು. ಮೂರನೆಯದಕ್ಕೆ ಎರಡು ಸಾವಿರ. ಒತ್ತಕ್ಷರವನ್ನು ಅವಳೇ ತಪ್ಪಾಗಿ ಕೂರಿಸಿದ್ದರೆ ಅದನ್ನು ಸರಿಪಡಿಸುವುದು ಯಾವ ಸುತ್ತಿನ ಲೆಕ್ಕಕ್ಕೂ ಬಾರದು. ಸರಕಿನ ಹೆಸರನ್ನೇ ನೀವು ಬದಲಿಸಿದರೆ ಅದು ತಿದ್ದುಪಡಿಯಲ್ಲ, ಹೊಸ ಕೆಲಸ.

ಈಗ ಈ ವ್ಯವಹಾರದಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು: ಕಿಲ್ ಫೀ. ಅರ್ಧಕ್ಕೆ ಕೈಬಿಟ್ಟ ಕೆಲಸಕ್ಕೆ ಕೊಡುವ ಹಣ. ಇದು ಅತಿಯಾಸೆಯ ಬೇಡಿಕೆಯಂತೆ ಕಂಡರೆ ರೂಪಾಯಿ ಚಿಹ್ನೆಯನ್ನು ನೆನೆಯಿರಿ. 2010ರಲ್ಲಿ ಕೇಂದ್ರ ಸರ್ಕಾರ ಡಿ. ಉದಯಕುಮಾರ್ ಅವರ ವಿನ್ಯಾಸವನ್ನು ಆರಿಸಿ ಎರಡೂವರೆ ಲಕ್ಷ ಕೊಟ್ಟಿತು. ಕೊನೆಯ ಸುತ್ತಿಗೆ ಬಂದ ಐವರಿಗೂ ತಲಾ 25,000 ನಿಗದಿಯಾಗಿತ್ತು. ಗೆದ್ದ ಚಿಹ್ನೆಯ ಹಕ್ಕು ಸರ್ಕಾರಕ್ಕೆ ಸೇರಬೇಕೆಂಬುದೂ ಮೊದಲೇ ಷರತ್ತಿನಲ್ಲಿತ್ತು. ನಾನು ಸ್ಪರ್ಧೆಗಳನ್ನು ಮೆಚ್ಚುವವನಲ್ಲ; ಸಾವಿರಾರು ಜನ ಪುಕ್ಕಟೆ ದುಡಿಯುವ ಏರ್ಪಾಡು ಅದು. ಆದರೂ ಆಯ್ಕೆಯಾಗದ ಗೆರೆಗೂ ಬೆಲೆಯಿದೆ ಎಂದು ಸರ್ಕಾರದ ಕಡತವೇ ಒಪ್ಪಿದ ಮೇಲೆ, ನಮ್ಮ ಅಂಗಡಿಯ ಖಾತೆ ಪುಸ್ತಕಕ್ಕೆ ಒಪ್ಪಲು ಏನು ಕಷ್ಟ?

ನಮ್ಮ ರಾಗಿ ಮಾಲ್ಟಿನ ಲೆಕ್ಕದಲ್ಲಿ ಹೀಗಿರಲಿ. ಸಹಿಯ ದಿನ 16,000, ಮಾದರಿ ಒಪ್ಪಿದಾಗ 12,000, ಅಂತಿಮ ಫೈಲಿಗೆ 12,000. ಮಾದರಿ ತೋರಿಸುವ ಮೊದಲೇ ನೀವು ನಿಲ್ಲಿಸಿದರೆ ಅಡ್ವಾನ್ಸ್ ವಾಪಸಿಲ್ಲ, ಅಷ್ಟಕ್ಕೆ ಮುಗಿಯಿತು. ಮಾದರಿ ನೋಡಿದ ಮೇಲೆ ಬೇಡವೆಂದರೆ ಎರಡನೆಯ ಕಂತೂ ಸೇರಿ 28,000. ಮಾದರಿ ಒಪ್ಪಿ, ಅಂತಿಮ ಫೈಲು ತಯಾರಾಗುತ್ತಿರುವಾಗ ನಿಲ್ಲಿಸಿದರೆ 36,000. ಮೆಟ್ಟಿಲು ಮೆಟ್ಟಿಲಾಗಿ ಹೀಗೆ ಬರೆಯಲು ಕಾರಣವಿದೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರು ಮುರಿದವರು ಕೊಡಬೇಕೆಂದು ಬರೆದ ಮೊತ್ತ ಎಷ್ಟೇ ಇದ್ದರೂ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಯುಕ್ತ ಪರಿಹಾರವನ್ನು ಮಾತ್ರ. "ರದ್ದು ಮಾಡಿದರೆ ಪೂರ್ತಿ ಹಣ" ಎಂದು ಕೋಪದಲ್ಲಿ ಬರೆದದ್ದು ದಂಡದಂತೆ ಕಾಣುತ್ತದೆ. ಆ ಹಂತದವರೆಗೆ ಆದ ದುಡಿಮೆಯ ಬೆಲೆ ಎಂದು ತೋರುವಂತೆ ಬರೆದದ್ದು ನಿಲ್ಲುತ್ತದೆ.

ಆದರೆ ನಿಜವಾಗಿ ಯಾರು ರದ್ದು ಮಾಡುತ್ತಾರೆ? ಯಾರೂ "ಬೇಡ" ಅನ್ನುವುದಿಲ್ಲ. ಉತ್ತರ ಕೊಡುವುದನ್ನು ನಿಲ್ಲಿಸುತ್ತಾರೆ, ಅಷ್ಟೆ. "ನೋಡ್ತೀನಮ್ಮ, ಊರಿಗೆ ಹೋಗಿದ್ದೆ", "ಹಬ್ಬ ಮುಗೀಲಿ", ಆಮೇಲೆ ನೀಲಿ ಗೆರೆಯೂ ಬೀಳದ ಸಂದೇಶಗಳು. ಮೌನಕ್ಕೊಂದು ತಾರೀಖು ಬರೆಯದಿದ್ದರೆ ಕಿಲ್ ಫೀ ಕಾಗದದ ಮೇಲೆಯೇ ಉಳಿಯುತ್ತದೆ. ಲಿಖಿತ ನೆನಪೋಲೆ ಕಳಿಸಿ ಮೂವತ್ತು ದಿನ ಉತ್ತರವಿಲ್ಲದಿದ್ದರೆ ಕೆಲಸ ರದ್ದಾದಂತೆ, ಆ ಹಂತದ ಹಣ ಬಾಕಿಯಾದಂತೆ. ಈ ಒಂದು ಸಾಲು ಇರಲೇಬೇಕು.

ತಂಗಿಯರೇ, ತಮ್ಮಂದಿರೇ, ನಿಮಗೂ ಒಂದು ಕಟುವಾದ ಮಾತು. ಹನ್ನೆರಡು ಸಾವಿರಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ವಕೀಲರ ಮೊದಲ ಭೇಟಿಗೇ ಅದರಲ್ಲೊಂದು ಪಾಲು ಹೋಗುತ್ತದೆ. ಆದ್ದರಿಂದ ಕಿಲ್ ಫೀಯನ್ನು ವಸೂಲಿ ಮಾಡುವ ಹಣವೆಂದು ಎಣಿಸಬೇಡಿ. ಯಾವ ಹಂತದಲ್ಲಿ ನಿಂತರೂ ಅಲ್ಲಿಯವರೆಗಿನ ದುಡ್ಡು ಆದಷ್ಟೂ ಮೊದಲೇ ಕೈಗೆ ಬಂದಿರುವಂತೆ ಕಂತು ಜೋಡಿಸಿ. ಕೊಡದವರಿಗಾಗಿ 2006ರ ಎಂಎಸ್‌ಎಂಇಡಿ ಕಾಯ್ದೆಯಿದೆ. ಉದ್ಯಮ್ ನೋಂದಣಿ ಉಚಿತ, ಒಬ್ಬರೇ ನಡೆಸುವ ಕಸುಬಿಗೂ ಸಿಗುತ್ತದೆ. ನೋಂದಾಯಿಸಿದ ಸಣ್ಣ ಉದ್ಯಮದ ಬಿಲ್ಲನ್ನು, ಕೆಲಸ ಒಪ್ಪಿಕೊಂಡ 45 ದಿನಕ್ಕಿಂತ ಆಚೆಗೆ ತಳ್ಳುವಂತಿಲ್ಲ, ಕರಾರಿನಲ್ಲಿ ತೊಂಬತ್ತು ದಿನವೆಂದು ಬರೆಸಿಕೊಂಡಿದ್ದರೂ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಆದರೆ ನೋಂದಣಿಯನ್ನು ಕೆಲಸಕ್ಕೆ ಮೊದಲೇ ಮಾಡಿಸಿಕೊಳ್ಳಿ. ಜಗಳ ಹುಟ್ಟಿದ ಮೇಲೆ ನೋಂದಾಯಿಸಿ ಹಳೆಯ ಬಿಲ್ಲಿಗೆ ಈ ರಕ್ಷಣೆ ಕೇಳಿದರೆ ಸಿಗುತ್ತದೆಂಬ ಭರವಸೆಯಿಲ್ಲ.

ಈಗ ಸಾಹುಕಾರರ ನಿದ್ದೆ ಕೆಡಿಸುವ ಭಾಗ. 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುವುದು: ಕೃತಿ ಮಾಡಿದವರೇ ಅದರ ಮೊದಲ ಒಡೆಯರು. ಸಂಬಳದ ನೌಕರರು ಮಾಡಿದ್ದು ಯಜಮಾನರದು, ನಿಜ. ಆದರೆ ಯಲಹಂಕದ ಆ ಹುಡುಗಿ ನಿಮ್ಮ ನೌಕರಳಲ್ಲ. ಇನ್ನೂ ಒಂದು ವಿಚಿತ್ರವಿದೆ. ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬರೆಸಿದ ಪೇಂಟಿಂಗಿಗೆ ಬೇರೆ ಕರಾರಿಲ್ಲದಿದ್ದರೆ ದುಡ್ಡು ಕೊಟ್ಟವರೇ ಮೊದಲ ಒಡೆಯರೆಂದು 17ನೇ ಸೆಕ್ಷನ್ ಹೇಳುತ್ತದೆ. ರೇಖಾಚಿತ್ರದ ಹೆಸರನ್ನು ಮಾತ್ರ ಅಲ್ಲಿ ಎತ್ತುವುದಿಲ್ಲ. ಅಂದರೆ ನಿಮ್ಮ ಒಂದೇ ಪೌಚಿನ ಮೇಲೆ ರಾಗಿ ಮುದ್ದೆಯ ಫೋಟೋ ನಿಮ್ಮದು, ಅದರ ಮೇಲೆ ಬರೆದ ಹೆಸರಿನ ಚಂದದ ಅಕ್ಷರ ಅವಳದು ಎಂಬ ಪರಿಸ್ಥಿತಿ ಬರಬಹುದು. ದುಡ್ಡು ಕೊಟ್ಟ ರಸೀದಿ ಇದನ್ನು ಬದಲಿಸುವುದಿಲ್ಲ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು ಎಂದು 19ನೇ ಸೆಕ್ಷನ್ ನಿಷ್ಠುರವಾಗಿ ಹೇಳಿದೆ.

ಬರೆದರೂ ಅರೆಬರೆಯಾಗಿ ಬರೆದರೆ ಸಾಲದು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ವರ್ಗಾವಣೆ ಐದೇ ವರ್ಷ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ದುಬೈಯಲ್ಲಿರುವ ಕನ್ನಡದವರಿಗೆ ಮಾಲ್ಟ್ ಕಳಿಸುವ ಕನಸಿದ್ದರೆ "ಜಗತ್ತಿನಾದ್ಯಂತ, ಕೃತಿಸ್ವಾಮ್ಯದ ಪೂರ್ತಿ ಅವಧಿಗೆ" ಎಂದು ಬರೆಸಬೇಕು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಹಾಗಾಗದೆಂದು ಕರಾರಿನಲ್ಲೇ ಹೇಳಿದ್ದರೆ ಉಳಿಯುತ್ತದೆ. ಸರಕು ಮಾರುಕಟ್ಟೆಗೆ ತಡವಾಗಿ ಬರುವ ನಮ್ಮಂಥ ಊರಲ್ಲಿ ಇದು ಸಣ್ಣ ಮಾತಲ್ಲ.

ಈ ಹಕ್ಕು ದಾಟುವ ಗಳಿಗೆ ಯಾವುದು? ಕೊನೆಯ ಕಂತು ಜಮೆಯಾದ ಗಳಿಗೆ, ಅದಕ್ಕೆ ಒಂದು ದಿನ ಮುಂಚೆಯೂ ಅಲ್ಲ. ಅಂತಿಮವಾಗಿ ಒಪ್ಪಿದ ವಿನ್ಯಾಸ ಮಾತ್ರ ನಿಮಗೆ. ತೋರಿಸಿ ಬಿಟ್ಟ ಉಳಿದ ಮಾದರಿಗಳು ಅವಳವೇ. ಕಿಲ್ ಫೀ ಕೊಟ್ಟಿರೆಂದು ಅರ್ಧ ಕೆಲಸ ನಿಮ್ಮದಾಗುವುದಿಲ್ಲ. ಓಪನ್ ಫೈಲು, ಅಂದರೆ ಕೋರೆಲ್‌ನಲ್ಲೋ ಇಲ್ಲಸ್ಟ್ರೇಟರ್‌ನಲ್ಲೋ ತೆರೆದು ತಿದ್ದಬಹುದಾದದ್ದು, ಬೇಕೋ ಬೇಡವೋ ಮೊದಲೇ ಹೇಳಿ; ಅದಕ್ಕೆ ಬೆಲೆ ಬೇರೆ. ನಿಮಗೆ ಗೊತ್ತಿರುವ ಅಡ್ಡದಾರಿ ನನಗೂ ಗೊತ್ತು: ವಾಟ್ಸ್ಯಾಪಿಗೆ ಬಂದ ಮಾದರಿಯನ್ನು ಪ್ರಿಂಟಿಂಗ್ ಅಂಗಡಿಗೆ ಕೊಟ್ಟು "ಇದನ್ನೇ ಟ್ರೇಸ್ ಮಾಡಪ್ಪ" ಅನ್ನುವುದು. ಐನೂರು ರೂಪಾಯಿಗೆ ಆಗುತ್ತದೆ. ಅದಕ್ಕೆ ಕಳ್ಳತನವೆಂಬ ಹೆಸರಲ್ಲದೆ ಬೇರೆ ಹೆಸರು ನನ್ನಲ್ಲಿಲ್ಲ. ಆ ಪ್ರಿಂಟರು ಪಕ್ಕದ ಅಂಗಡಿಗೂ ಅದನ್ನೇ ಟ್ರೇಸ್ ಮಾಡಿ ಕೊಟ್ಟ ದಿನ ತಡೆಯಲು ನಿಮ್ಮ ಕೈಲಿ ಯಾವ ಕಾಗದವೂ ಇರುವುದಿಲ್ಲ.

ಈಗಾಗಲೇ ಮಾಡಿಸಿ ಆಗಿರುವ ಕೆಲಸಗಳ ಕಥೆಯೇನು? ನಿಮ್ಮ ಬೋರ್ಡು, ನಿಮ್ಮ ಪ್ಯಾಕೆಟ್ಟು ಮಾಡಿಕೊಟ್ಟವರಿಗೆ ಈ ವಾರವೇ ಫೋನ್ ಮಾಡಿ. ಬಾಕಿ ಇದ್ದರೆ ಮೊದಲು ತೀರಿಸಿ. ಬಾಕಿ ಇಟ್ಟುಕೊಂಡು ಸಹಿ ಕೇಳುವ ಮುಖ ಯಾರಿಗೂ ಇರಬಾರದು. ಆಮೇಲೆ ಒಂದು ಪುಟದ ವರ್ಗಾವಣೆ ಪತ್ರ ಬರೆಸಿ: ಕೃತಿಯ ಚಿತ್ರವನ್ನೇ ಅಂಟಿಸಿ, ಯಾವ ಯಾವ ಬಳಕೆಯ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಸಂದಿದೆ ಎಂದು ನಮೂದಿಸಿ, ಅವರ ಸಹಿ ಪಡೆಯಿರಿ. ತಮ್ಮ ಕೆಲಸವೆಂದು ಇತರರಿಗೆ ತೋರಿಸಿಕೊಳ್ಳಲು ಅವರಿಗೆ ಅವಕಾಶವಿದೆಯೆಂಬ ಸಾಲನ್ನೂ ಸೇರಿಸಿ; ಆ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ಹೇಗೂ ಅವರ ಬಳಿಯೇ ಉಳಿಯುತ್ತದೆ. ಹಳೆಯ ತಾರೀಖು ಹಾಕಬೇಡಿ, ಸಹಿ ಮಾಡಿದ ದಿನದ್ದನ್ನೇ ಹಾಕಿ.